ಇನ್ನೂರೆಂಟು ಎಂಬ ಅಂಕೆ
(ಪೀಣ್ಯದ ಕಾರ್ಮಿಕರು ಮತ್ತು ಕಚೇರಿ ನೌಕರರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೆಚ್ಚು ಹೊತ್ತು ದುಡಿದರೆ ಎರಡರಷ್ಟು ಕೂಲಿ ಎಂಬ ಮಾತು ನಿಮಗೆಲ್ಲ ಗೊತ್ತು. ಆಡಳಿತವರ್ಗವೂ ಅದನ್ನು ಅಲ್ಲಗಳೆಯುವುದಿಲ್ಲ. ಸಂಬಳದ ಚೀಟಿಯಲ್ಲಿ 'ಓಟಿ, ಎರಡರಷ್ಟು' ಎಂದು ಬರೆದೂ ಇರುತ್ತದೆ. ಆದರೆ ಯಾವುದರ ಎರಡರಷ್ಟು? ದಿನಗೂಲಿಯವನಿಗೆ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ತಿಂಗಳ ಸಂಬಳದವನಿಗೆ ಮಾತ್ರ ಅವನ ಒಂದು ಗಂಟೆಯ ಬೆಲೆ ಎಷ್ಟೆಂದು ಯಾರೂ ಬರೆದುಕೊಟ್ಟಿರುವುದಿಲ್ಲ. ತಿಂಗಳ ಸಂಬಳವನ್ನು ಒಂದು ಅಂಕೆಯಿಂದ ಭಾಗಿಸಿ ಅದನ್ನು ಕಂಡುಹಿಡಿಯಬೇಕು. ಭಾಗಿಸುವ ಅಂಕೆ ದೊಡ್ಡದಾದಷ್ಟೂ ಗಂಟೆಯ ಬೆಲೆ ಇಳಿಯುತ್ತದೆ. ಬೆಲೆಯನ್ನು ಮೊದಲೇ ಇಳಿಸಿಟ್ಟು ಆಮೇಲೆ ಎರಡರಿಂದ ಗುಣಿಸಿದರೆ ಕಾಯ್ದೆ ಪಾಲಿಸಿದಂತೆಯೂ ಕಾಣುತ್ತದೆ, ಹಣವೂ ಉಳಿಯುತ್ತದೆ. ಇಂದು ನಾವು ಮಾತನಾಡುವುದು ಈ ಒಂದು ಅಂಕೆಯ ವಿಷಯವನ್ನೇ.

ನಿಮ್ಮಲ್ಲಿ ಹೆಚ್ಚಿನವರು ಕೇಳಿರುವ ಅಂಕೆ 208. ಇಪ್ಪತ್ತಾರು ದಿನ, ದಿನಕ್ಕೆ ಎಂಟು ಗಂಟೆ. ಅದು ಎಲ್ಲಿಂದ ಬಂತು? ವರ್ಷಕ್ಕೆ 365 ದಿನ. ಅದರಲ್ಲಿ 52 ಭಾನುವಾರ ಕಳೆದರೆ 313. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಇಪ್ಪತ್ತಾರು ಚಿಲ್ಲರೆ. ಇದನ್ನೇ ಇನ್ನೊಂದು ಕಡೆಯಿಂದಲೂ ನೋಡಬಹುದು. ವಾರಕ್ಕೆ 48 ಗಂಟೆ, ವರ್ಷಕ್ಕೆ 52 ವಾರ, ಗುಣಿಸಿದರೆ 2,496 ಗಂಟೆ. ಹನ್ನೆರಡರಿಂದ ಭಾಗಿಸಿದರೆ ಸರಿಯಾಗಿ 208. ಅಂದರೆ 208 ಎಂಬುದು 48 ಗಂಟೆಯ ವಾರದ ಇನ್ನೊಂದು ಹೆಸರು, ಅಷ್ಟೆ. ಅದು ಆಕಾಶದಿಂದ ಇಳಿದು ಬಂದ ಅಂಕೆಯಲ್ಲ.

ಹಳೆಯ ಕಾಯ್ದೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1922ರ ಕಾರ್ಖಾನೆ ಕಾನೂನಿನಲ್ಲಿ ವಾರಕ್ಕೆ 60 ಗಂಟೆಯ ಮಿತಿ ಇತ್ತು. ಅದೇ ಲೆಕ್ಕ ಹಾಕಿದರೆ ತಿಂಗಳಿಗೆ 260 ಗಂಟೆ. 1934ರ ಕಾಯ್ದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ಅದನ್ನು 54ಕ್ಕೆ ಇಳಿಸಿತು. ಲೆಕ್ಕ 234ಕ್ಕೆ ಇಳಿಯಿತು. 1946ರ ತಿದ್ದುಪಡಿಯಿಂದ ವಾರ 48 ಗಂಟೆಯಾಯಿತು. 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ಆಗ ಬಂದದ್ದು 208. ದುಡಿಮೆಯ ವಾರ ಕಿರಿದಾದಂತೆಲ್ಲ ಭಾಗಿಸುವ ಅಂಕೆಯೂ ಕಿರಿದಾಗುತ್ತ ಬಂದಿದೆ. ಆದ್ದರಿಂದ ನೆನಪಿಡಬೇಕಾದ ಸೂತ್ರ ಒಂದೇ: ನಿಮ್ಮ ಮಾಮೂಲು ವಾರದ ಗಂಟೆಗಳನ್ನು 13ರಿಂದ ಗುಣಿಸಿ 3ರಿಂದ ಭಾಗಿಸಿ. 48 ಗಂಟೆಯವನಿಗೆ 208, 45 ಗಂಟೆಯವನಿಗೆ 195, 42 ಗಂಟೆಯವನಿಗೆ 182, 40 ಗಂಟೆಯವನಿಗೆ 173 ಚಿಲ್ಲರೆ.

ಈಗ ಪೀಣ್ಯದ ಒಂದು ಲೇತ್ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಕೆಲಸಗಾರನ ತಿಂಗಳ ಸಂಬಳ 20,800 ರೂಪಾಯಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಕೆಲಸ ಶುರು, ಸಂಜೆ ನಾಲ್ಕೂವರೆಗೆ ಮುಕ್ತಾಯ, ನಡುವೆ ಅರ್ಧ ಗಂಟೆ ಊಟದ ಬಿಡುವು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ, ಒಟ್ಟು 48. ಭಾಗಿಸುವ ಅಂಕೆ 208. ಗಂಟೆಗೆ 100 ರೂಪಾಯಿ. ಓಟಿಗೆ 200. ತಿಂಗಳಲ್ಲಿ 20 ಗಂಟೆ ಓಟಿ ಮಾಡಿದರೆ 4,000 ರೂಪಾಯಿ ಬರಬೇಕು.

ಆದರೆ ಚೀಟಿಯಲ್ಲಿ 3,467 ರೂಪಾಯಿ ಬಂದಿದೆ ಎನ್ನೋಣ. ಎಲ್ಲಿ ಸೋರಿತು? ಹಿಂದಕ್ಕೆ ಲೆಕ್ಕ ಹಾಕಿ. 3,467ನ್ನು 20 ಗಂಟೆಯಿಂದ ಭಾಗಿಸಿದರೆ ಗಂಟೆಗೆ 173 ಚಿಲ್ಲರೆ. ಅದರ ಅರ್ಧ 86 ರೂಪಾಯಿ 67 ಪೈಸೆ. ಆ 86.67ರಿಂದ 20,800ನ್ನು ಭಾಗಿಸಿ. ಬರುವ ಉತ್ತರ 240. ಕಚೇರಿಯಲ್ಲಿ ಯಾರೋ 26ರ ಬದಲು 30 ದಿನ ಹಾಕಿ ಎಂಟರಿಂದ ಗುಣಿಸಿದ್ದಾರೆ. ಬಚ್ಚಿಟ್ಟ ಅಂಕೆಯನ್ನು ಹೊರಗೆಳೆಯುವ ದಾರಿ ಇದು. ಓಟಿ ಹಣವನ್ನು ಓಟಿ ಗಂಟೆಗಳಿಂದ ಭಾಗಿಸಿ, ಅರ್ಧ ಮಾಡಿ, ಆ ಉತ್ತರದಿಂದ ತಿಂಗಳ ಸಂಬಳವನ್ನು ಭಾಗಿಸಿ. 208ರ ಹತ್ತಿರ ಬಂದರೆ 48 ಗಂಟೆಯ ಲೆಕ್ಕ. 240 ಬಂದರೆ ಭಾನುವಾರಗಳನ್ನು ಸೇರಿಸಿದ್ದಾರೆ. 270 ಬಂದರೆ ಭಾನುವಾರವನ್ನೂ ಸೇರಿಸಿ ದಿನಕ್ಕೆ ಒಂಬತ್ತು ಗಂಟೆ ಹಿಡಿದಿದ್ದಾರೆ.

ಕೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತದೆ. 'ನಿಮಗೆ ತಿಂಗಳ ಸಂಬಳ. ಭಾನುವಾರಕ್ಕೂ ಸಂಬಳ ಬರುತ್ತದೆ. ಹಾಗಾದ ಮೇಲೆ ಮೂವತ್ತರಿಂದಲೇ ಭಾಗಿಸಬೇಕು.' ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನಾವು ಹುಡುಕುತ್ತಿರುವುದು ಒಂದು ದಿನದ ಬೆಲೆಯನ್ನಲ್ಲ, ದುಡಿದ ಒಂದು ಗಂಟೆಯ ಬೆಲೆಯನ್ನು. ಭಾನುವಾರ ಆತ ಯಂತ್ರದ ಮುಂದೆ ಎಂಟು ಗಂಟೆ ನಿಂತಿಲ್ಲ. ಆ ತಿಂಗಳ ಸಂಬಳವನ್ನೆಲ್ಲ ಆತ 208 ಗಂಟೆಯಲ್ಲಿ ದುಡಿದು ಗಳಿಸಿದ್ದಾನೆ. ದುಡಿಯದ 32 ಗಂಟೆಯನ್ನು ಲೆಕ್ಕಕ್ಕೆ ಸೇರಿಸಿದರೆ ದುಡಿದ ಪ್ರತಿ ಗಂಟೆಯೂ ಅಗ್ಗವಾಗುತ್ತದೆ.

ನ್ಯಾಯಾಲಯದ ಮುಂದೆ ಇದೇ ತರ್ಕ ಗ್ರಾಚ್ಯುಟಿಯ ವಿಷಯದಲ್ಲಿ ಬಂದಿತ್ತು. ದಿಗ್ವಿಜಯ್ ವೂಲನ್ ಮಿಲ್ಸ್ ಮೊಕದ್ದಮೆಯಲ್ಲಿ, ಹದಿನೈದು ದಿನದ ಸಂಬಳ ಎಂದರೆ ತಿಂಗಳ ಅರ್ಧ ಸಂಬಳವೋ, ಇಲ್ಲ ಇಪ್ಪತ್ತಾರರಲ್ಲಿ ಹದಿನೈದು ಪಾಲೋ ಎಂಬುದು ಪ್ರಶ್ನೆ. 1980ರಲ್ಲಿ ಸುಪ್ರೀಂ ಕೋರ್ಟು ಇಪ್ಪತ್ತಾರರ ಲೆಕ್ಕವನ್ನು ಒಪ್ಪಿತು. 1987ರಲ್ಲಿ ಸಂಸತ್ತು ಅದನ್ನು ಗ್ರಾಚ್ಯುಟಿ ಕಾಯ್ದೆಯೊಳಗೇ ಬರೆಯಿತು. ಆ ತೀರ್ಪು ಓಟಿಯ ಮೇಲಿನ ತೀರ್ಪಲ್ಲ. ಆದರೆ ತಿಂಗಳ ಸಂಬಳದ ಹಿಂದೆ ಇರುವುದು ದುಡಿಮೆಯ ಇಪ್ಪತ್ತಾರು ದಿನ, ಪಂಚಾಂಗದ ಮೂವತ್ತು ದಿನವಲ್ಲ ಎಂಬ ನೋಟ ಅದರಲ್ಲಿದೆ.

ಇನ್ನೊಂದು ಪರೀಕ್ಷೆಯುಂಟು. ಸಂಬಳವಿಲ್ಲದ ರಜೆ ಒಂದು ದಿನ ಬಿದ್ದರೆ ಎಷ್ಟು ಕತ್ತರಿಸುತ್ತಾರೆ ನೋಡಿ. 800 ರೂಪಾಯಿ ಕತ್ತರಿಸಿದರೆ 26ರಿಂದ ಭಾಗಿಸಿದ್ದಾರೆ. 693 ಕತ್ತರಿಸಿದರೆ 30ರಿಂದ. ಕತ್ತರಿಸುವಾಗ 26, ಓಟಿ ಕೊಡುವಾಗ 30 ಎಂದಾದರೆ ಅದು ಅಳೆದು ಕೊಳ್ಳುವುದಕ್ಕೆ ದೊಡ್ಡ ಸೇರು, ಅಳೆದು ಕೊಡುವುದಕ್ಕೆ ಸಣ್ಣ ಸೇರು ಇಟ್ಟುಕೊಂಡ ಅಂಗಡಿ. ವ್ಯಾಪಾರಿ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, '208 ನಮ್ಮ ಹಕ್ಕು' ಎಂದು ಎಲ್ಲರೂ ಕೂಗಬಹುದೆ? ಇಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಅಥವಾ ವೈಟ್‌ಫೀಲ್ಡಿಗೆ ಹೋಗಿ. ಅಲ್ಲಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ನೌಕರಳೊಬ್ಬಳಿದ್ದಾಳೆ ಎನ್ನೋಣ. ಅವಳ ಸಂಬಳವೂ 20,800. ನೇಮಕದ ಪತ್ರದಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ ಎಂದಿದೆ. ಅವಳ ಮಾಮೂಲು ವಾರ 40 ಗಂಟೆ. ಅವಳ ಸಂಬಳವನ್ನು 208ರಿಂದ ಭಾಗಿಸಿದರೆ ಗಂಟೆಗೆ 100 ರೂಪಾಯಿ. 173 ಚಿಲ್ಲರೆಯಿಂದ ಭಾಗಿಸಿದರೆ 120. ಪೀಣ್ಯದವನನ್ನು ಕಾಪಾಡಿದ ಅಂಕೆಯೇ ಇಲ್ಲಿ ಗಂಟೆಗೆ 20 ರೂಪಾಯಿ ಕಸಿಯುತ್ತದೆ. 48 ಗಂಟೆ ಎಂಬುದು ಕಾನೂನು ಹಾಕಿದ ಮೇಲಿನ ಮಿತಿ. ಮಿತಿಗಿಂತ ಕಡಿಮೆ ಹೊತ್ತಿಗೆ ಒಪ್ಪಂದ ಮಾಡಿಕೊಂಡವರ ಮಾಮೂಲು ದರ ಆ ಒಪ್ಪಂದದ ಗಂಟೆಗಳಿಂದಲೇ ಹುಟ್ಟಬೇಕೆಂಬುದು ನಮ್ಮ ವಾದ.

1972ರಲ್ಲಿ ನಾಗಪುರದ ಕಡೆಯ ನೌಕರರ ಮಾಮರ್ಡೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಈ ವಾದಕ್ಕೆ ಹತ್ತಿರದ್ದು. ಅಲ್ಲಿ ಆಡಳಿತದವರು ಎರಡರಷ್ಟು ಎಂದರೆ ಕನಿಷ್ಠ ವೇತನದ ಎರಡರಷ್ಟು ಎಂದಿದ್ದರು. ಅಲ್ಲ, ಆತ ನಿಜವಾಗಿ ಪಡೆಯುತ್ತಿರುವ ಮಾಮೂಲು ದರದ ಎರಡರಷ್ಟು ಎಂದಿತು ನ್ಯಾಯಾಲಯ. ಕಾನೂನಿನ ಅಂಚನ್ನು ತೋರಿಸಿ ಒಬ್ಬನ ನಿಜವಾದ ದರವನ್ನು ಕೆಳಗಿಳಿಸಲಾಗದು ಎಂಬುದೇ ಅದರ ಸಾರವಲ್ಲವೆ? ಸಂಬಳದಲ್ಲಿ ಸಲ್ಲುವ ನ್ಯಾಯ ಗಂಟೆಯಲ್ಲೂ ಸಲ್ಲಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗಂಟೆಯ ದರ ಒಂದು, ಎರಡರಷ್ಟು ಎಲ್ಲಿಂದ ಶುರು ಎಂಬುದು ಬೇರೊಂದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಎರಡರಷ್ಟನ್ನು ಕಟ್ಟಿದ್ದು ದಿನಕ್ಕೆ ಒಂಬತ್ತು ಅಥವಾ ವಾರಕ್ಕೆ 48 ಗಂಟೆ ದಾಟಿದ ದುಡಿಮೆಗೆ. ಆ ನೌಕರಳು ಒಂದು ವಾರ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂಬತ್ತು ಗಂಟೆ, ಶನಿವಾರ ಏಳು ಗಂಟೆ ಕೆಲಸ ಮಾಡಿದಳು ಎನ್ನೋಣ. ಒಟ್ಟು 52. ಮೊದಲ 40 ಗಂಟೆ ಸಂಬಳದೊಳಗೆ. 48 ದಾಟಿದ ನಾಲ್ಕು ಗಂಟೆಗೆ ಎರಡರಷ್ಟು, ಅಂದರೆ 240ರಂತೆ 960 ರೂಪಾಯಿ. ನಡುವಿನ ಎಂಟು ಗಂಟೆಗೆ ಕಾಯ್ದೆ ಎರಡರಷ್ಟು ಕೇಳುವುದಿಲ್ಲ. ಅದಕ್ಕೆ ಒಪ್ಪಂದವೇ ಆಧಾರ. ಒಪ್ಪಂದ 40 ಗಂಟೆಗೆ ಎಂದು ಸ್ಪಷ್ಟವಾಗಿದ್ದರೆ ಒಂದರಷ್ಟು ದರ, 120ರಂತೆ ಇನ್ನೊಂದು 960, ಕೇಳುವುದು ನ್ಯಾಯ. ಒಟ್ಟು 1,920. ಆದರೆ ಕಚೇರಿಯವರು 208ರಿಂದ ಭಾಗಿಸಿ ನಾಲ್ಕೇ ಗಂಟೆಗೆ ಹಣ ಕೊಟ್ಟರೆ ಕೈಗೆ ಬರುವುದು 800. ಒಂದೇ ವಾರದಲ್ಲಿ 1,120 ರೂಪಾಯಿಯ ಅಂತರ.

ಆ ನಡುವಿನ ಎಂಟು ಗಂಟೆ ಬಹಳ ಕಡೆ ಪುಕ್ಕಟೆಯಾಗಿ ಹೋಗುತ್ತದೆ, ಏಕೆಂದರೆ ನೇಮಕದ ಪತ್ರದಲ್ಲಿ 'ಸಂಸ್ಥೆಯ ಅಗತ್ಯದಂತೆ' ಎಂಬ ಒಂದು ಸಾಲು ಇರುತ್ತದೆ. ಆದ್ದರಿಂದ ವಾರದ ಗಂಟೆ ಎಷ್ಟು ಎಂಬುದು ಪತ್ರದಲ್ಲಿ ಅಂಕೆಯಲ್ಲಿ ಬರೆದಿದೆಯೇ ಎಂದು ಸಹಿ ಹಾಕುವ ಮೊದಲೇ ನೋಡಬೇಕು. ಅಂಕೆ ಇಲ್ಲದ ಕಡೆ ಆಡಳಿತವರ್ಗ 48 ಎಂದೇ ವಾದಿಸುತ್ತದೆ.

ಹಾಗಾದರೆ '208 ಬೇಡ, ನಿಜವಾಗಿ ದುಡಿದ ಗಂಟೆಯಿಂದಲೇ ಭಾಗಿಸಿ' ಎಂದು ಎಲ್ಲರೂ ಕೇಳೋಣವೆ? ಅದೂ ಅಪಾಯ. ಮಾತು ಕೇಳಲು ಇಂಪಾಗಿದೆ, ಆದರೆ ಅದರ ಹಿಂದೆ ಒಂದು ಬಲೆಯಿದೆ. ಕಂಪೆನಿಗಳ ಬಾಗಿಲಲ್ಲಿ ನಿಲ್ಲುವ ಕಾವಲುಗಾರನ ಲೆಕ್ಕ ತೆಗೆದುಕೊಳ್ಳಿ. ಗುತ್ತಿಗೆದಾರ ತಿಂಗಳಿಗೆ 20,800 ಕೊಡುತ್ತಾನೆ, ದಿನಕ್ಕೆ ಹನ್ನೆರಡು ಗಂಟೆ, ಇಪ್ಪತ್ತಾರು ದಿನ ನಿಲ್ಲಿಸುತ್ತಾನೆ ಎನ್ನೋಣ. ನಿಜವಾಗಿ ದುಡಿದದ್ದು 312 ಗಂಟೆ. 'ದುಡಿದ ಗಂಟೆಯಿಂದಲೇ ಭಾಗಿಸಿದ್ದೇವೆ' ಎಂದು ಗುತ್ತಿಗೆದಾರ ಹೇಳಿದರೆ ದರ 66 ರೂಪಾಯಿ 67 ಪೈಸೆಗೆ ಬೀಳುತ್ತದೆ. ಹೆಚ್ಚು ದುಡಿದಷ್ಟೂ ಗಂಟೆ ಅಗ್ಗ! ಓಟಿಯ ಗಂಟೆಗಳನ್ನೇ ಭಾಗಿಸುವ ಅಂಕೆಯೊಳಗೆ ತುಂಬಿದ್ದರ ಫಲ ಇದು. ಇವನಿಗೆ 208ರ ಆಸರೆಯೇ ಬೇಕು, ಏಕೆಂದರೆ ಕಾನೂನಿನ ಮಿತಿಯನ್ನು ದಾಟಿದ ಗಂಟೆ 'ಮಾಮೂಲು' ಗಂಟೆಯಾಗಲಾರದು.

ಇವನ ಸಂಬಳ 208 ಗಂಟೆಗೆ ಎಂದಾದರೆ ಉಳಿದ 104 ಗಂಟೆಗೆ 200ರಂತೆ ಮತ್ತೆ 20,800 ಬರಬೇಕು. 'ಇಲ್ಲ, ಓಟಿಯೆಲ್ಲ ಸೇರಿಯೇ ಅಷ್ಟು ಸಂಬಳ' ಎಂದು ಗುತ್ತಿಗೆದಾರ ಹೇಳಿದರೆ ಅವನ ಮಾತನ್ನೇ ಹಿಡಿದು ಲೆಕ್ಕ ಹಾಕಿ. ಮಾಮೂಲು 208 ಗಂಟೆ, ಓಟಿಯ 104 ಗಂಟೆ ಎರಡರಷ್ಟಾದ್ದರಿಂದ 208 ಗಂಟೆಗೆ ಸಮ. ಒಟ್ಟು 416. 20,800ನ್ನು 416ರಿಂದ ಭಾಗಿಸಿದರೆ ಗಂಟೆಗೆ 50 ರೂಪಾಯಿ. ಅಂದರೆ ಎಂಟು ಗಂಟೆಯ ದುಡಿಮೆಗೆ ತಿಂಗಳಿಗೆ 10,400. ಈ ಅಂಕೆಯನ್ನು ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆಯಲ್ಲಿ ಕಾವಲುಗಾರನ ಸಾಲಿನ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ಕೆಳಗಿದ್ದರೆ ಗುತ್ತಿಗೆದಾರನ ವಾದ ಅವನ ಬಾಯಿಂದಲೇ ಸೋತಂತೆ.

ಹೀಗೆ ಮೂವರ ಸಂಬಳವೂ 20,800, ಆದರೆ ಮೂವರಿಗೂ ಒಂದೇ ಘೋಷಣೆ ಸಲ್ಲದು. ನಾವು ಒಪ್ಪಿಕೊಳ್ಳಬೇಕಾದ ನಿಯಮ ಇದು: ಭಾಗಿಸುವ ಅಂಕೆ ಒಪ್ಪಂದದ ಮಾಮೂಲು ಗಂಟೆ. ಅದು ಕಾನೂನಿನ ಮಿತಿಗಿಂತ ಕಡಿಮೆಯಿದ್ದರೆ ಅದೇ ಇರಲಿ, ಹೆಚ್ಚಿದ್ದರೆ ಮಿತಿಗೆ ಇಳಿಯಲಿ. ಭಾನುವಾರವೂ ಓಟಿಯೂ ಅದರೊಳಗೆ ಬರಕೂಡದು.

ಕಾನೂನಿನ ಇಂದಿನ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾರ್ಖಾನೆ ಕಾಯ್ದೆ ಮತ್ತು ಕನಿಷ್ಠ ವೇತನ ಕಾಯ್ದೆಗಳ ಜಾಗಕ್ಕೆ ಅವು ಬಂದಿವೆ. ಎರಡರಷ್ಟು ದರ ಸಂಹಿತೆಗಳಲ್ಲೂ ಉಳಿದಿದೆ. ಬದಲಾದದ್ದು ಭಾಗಿಸುವ ಅಂಕೆಗಿಂತ ಭಾಗಿಸಲ್ಪಡುವ ಸಂಬಳ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಮೂಲವೇತನದ ಜೊತೆ ಕೆಲಸಗಾರನಿಗೆ ಸಲ್ಲುವ ಭತ್ಯೆಗಳೂ ಲೆಕ್ಕಕ್ಕೆ ಬರುತ್ತಿದ್ದವು, ಬೋನಸ್ ಮತ್ತು ಓಟಿ ಮಾತ್ರ ಹೊರಗೆ. ಹೊಸ ಸಂಹಿತೆಗಳ 'ವೇತನ'ದ ವ್ಯಾಖ್ಯೆ ಮನೆಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಗಳಂಥವನ್ನು ಹೊರಗಿಡುತ್ತದೆ. ಆದರೆ ಹೊರಗಿಟ್ಟದ್ದು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನವೆಂದೇ ಎಣಿಕೆಯಾಗುತ್ತದೆ. ನಾವು ಇಂದು ಹೇಳಿದ 20,800 ಎಂಬುದನ್ನು ಹೀಗೆ ಎಣಿಕೆಯಾದ ವೇತನ ಎಂದೇ ತಿಳಿಯಿರಿ.

ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿದ ವೇತನ ಸಂಹಿತೆಯ ಕರಡು ನಿಯಮಗಳಲ್ಲಿ ದಿನದ ದರವನ್ನು ಗಂಟೆಗೆ ಇಳಿಸಲು ಎಂಟರಿಂದ ಭಾಗಿಸಿ, ತಿಂಗಳಿಗೆ ಏರಿಸಲು ಇಪ್ಪತ್ತಾರರಿಂದ ಗುಣಿಸಿ ಎಂದಿತ್ತು. ಆಡಳಿತವರ್ಗ ಇದನ್ನು ತೋರಿಸಿ 208 ಎಲ್ಲರಿಗೂ ಕಡ್ಡಾಯ ಎನ್ನಬಹುದು. ಅದು ಕನಿಷ್ಠ ವೇತನವನ್ನು ನಿಗದಿ ಮಾಡುವಾಗಿನ ಪರಿವರ್ತನೆಯ ಲೆಕ್ಕ. 40 ಗಂಟೆಗೆ ಒಪ್ಪಂದವಾದ ನೌಕರಳ ಗಂಟೆಯನ್ನು ಅಗ್ಗ ಮಾಡುವ ಅಪ್ಪಣೆಯಲ್ಲ.

ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ದಾರಿ ಮಾಡಿದಾಗ ಪೀಣ್ಯದಲ್ಲಿ ಕೆಲವರು, ಇನ್ನು 26ನ್ನು 12ರಿಂದ ಗುಣಿಸುತ್ತಾರೇನೋ ಎಂದು ಹೆದರಿದ್ದುಂಟು. ಆ ತಿದ್ದುಪಡಿಯಲ್ಲೂ ವಾರದ ಮಿತಿ 48 ಗಂಟೆಯೇ ಉಳಿದಿತ್ತು. ದಿನಕ್ಕೆ ಹನ್ನೆರಡಾದರೆ ವಾರಕ್ಕೆ ನಾಲ್ಕೇ ದಿನ. ವಾರ ಬದಲಾಗದೆ ಭಾಗಿಸುವ ಅಂಕೆ ಬದಲಾಗದು. ದಿನದ ಗಂಟೆ ಹಿಗ್ಗಿಸುವ ಮಾತು ಎಲ್ಲಿ ಬಂದರೂ ಮೊದಲು ವಾರದ ಅಂಕೆಯನ್ನು ನೋಡಿ.

ಅಂಗಡಿ ಇಟ್ಟಿರುವ ಮಿತ್ರರಿಗೂ ಈ ಲೆಕ್ಕ ಬೇಕಾದದ್ದೇ. ನಿಮ್ಮ ಅಂಗಡಿಯ ಹುಡುಗನಿಗೆ 15,600 ರೂಪಾಯಿ ಸಂಬಳ, ವಾರಕ್ಕೆ 48 ಗಂಟೆ ಎಂದಿದ್ದರೆ ಗಂಟೆಗೆ 75. ದೀಪಾವಳಿಯ ವಾರದಲ್ಲಿ ಆರು ಗಂಟೆ ಹೆಚ್ಚು ನಿಂತರೆ 900 ರೂಪಾಯಿ. 'ಹಬ್ಬಕ್ಕೆ ಏನಾದರೂ ಕೊಡೋಣ' ಎಂದು 500 ಕೊಟ್ಟರೆ ಅದು ಇನಾಮೂ ಅಲ್ಲ, ಓಟಿಯೂ ಅಲ್ಲ, 400ರ ಬಾಕಿ. ಓಟಿಯನ್ನು ಓಟಿಯೆಂದೇ ಬರೆದು ಕೊಟ್ಟರೆ ನಾಳೆ ತಕರಾರೂ ಇರುವುದಿಲ್ಲ.

ಕೊನೆಯದಾಗಿ, ವಾದಕ್ಕೆ ಹೋಗುವ ಮೊದಲು ಕೈಯಲ್ಲಿ ಏನಿರಬೇಕು? ವಾರದ ಗಂಟೆ ಬರೆದ ನೇಮಕದ ಪತ್ರ ಅಥವಾ ಪಾಳಿಯ ಪ್ರಕಟಣೆ. ಓಟಿಯ ಗಂಟೆ ಮತ್ತು ಹಣ ಬೇರೆ ಬೇರೆಯಾಗಿ ಕಾಣುವ ಸಂಬಳದ ಚೀಟಿ. ಬಂದ ಹೊತ್ತು, ಬಿಟ್ಟ ಹೊತ್ತು ದಿನದಿನವೂ ಬರೆದ ನಿಮ್ಮದೇ ಪುಸ್ತಕ. ಚೀಟಿಯಲ್ಲಿ ಹಣ ಮಾತ್ರ ಇದ್ದು ಗಂಟೆ ಇಲ್ಲದಿದ್ದರೆ ಹಿಂದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ. ಆದ್ದರಿಂದ ಮೊದಲ ಬೇಡಿಕೆ ಗಂಟೆಯನ್ನು ಚೀಟಿಯಲ್ಲಿ ಬರೆಯಿರಿ ಎಂಬುದೇ ಆಗಲಿ. ವೇತನ ಸಂಹಿತೆಯಡಿ ಬಾಕಿ ಕೇಳಲು ಮೂರು ವರ್ಷದ ಅವಧಿಯಿದೆ. ಚೀಟಿಗಳನ್ನು ಅಷ್ಟು ಕಾಲವಾದರೂ ಜೋಪಾನವಾಗಿಡಿ.

ಮುಂದಿನ ಒಪ್ಪಂದದ ಮಾತುಕತೆಗೆ ಕೂತಾಗ 'ಓಟಿಗೆ ಎರಡರಷ್ಟು' ಎಂದಷ್ಟೇ ಬರೆಸಿ ಎದ್ದು ಬರಬೇಡಿ. ಅದರ ಕೆಳಗೆ ಇನ್ನೊಂದು ಸಾಲು ಬರೆಸಿ: 'ಗಂಟೆಯ ದರ ಎಂದರೆ ತಿಂಗಳ ವೇತನವನ್ನು ಇಂತಿಷ್ಟು ಗಂಟೆಯಿಂದ ಭಾಗಿಸಿ ಬಂದದ್ದು.' ಆ 'ಇಂತಿಷ್ಟು' ಎಂಬಲ್ಲಿ 208 ಬರಬೇಕೋ, 195 ಬರಬೇಕೋ, 173 ಬರಬೇಕೋ ಎಂಬುದನ್ನು ನಿಮ್ಮ ಪಾಳಿಯ ಗಡಿಯಾರ ನೋಡಿ ನೀವೇ ಲೆಕ್ಕ ಹಾಕಿಕೊಂಡು ಹೋಗಿ.